ಡಿಸೆಂಬರ್‌ಗೆ ಎಷ್ಟು ಟಾರ್ಪಾಲು? ಸಣ್ಣ ಘಟಕಕ್ಕೆ ತಿಂಗಳ ಬೇಡಿಕೆ ಲೆಕ್ಕ ಹಾಕುವುದು ಹೇಗೆ

ಕಳೆದ ಮೂರು ತಿಂಗಳ ಮಾರಾಟ ಕೂಡಿಸಿ, ಮೂರರಿಂದ ಭಾಗಿಸಿ, ಬಂದಷ್ಟು ಮಾಲನ್ನು ಮುಂದಿನ ತಿಂಗಳಿಗೆ ತಯಾರು ಮಾಡುವುದು ನಮ್ಮ ಕಡೆಯ ಸಣ್ಣ ಘಟಕಗಳಲ್ಲಿ ತುಂಬಾ ಕಾಣುವ ಪದ್ಧತಿ. ಸೋಪು, ಪಿನಾಯಿಲು ಮಾಡುವವರಿಗೆ ಇದು ಹೇಗೋ ನಡೆದುಹೋಗುತ್ತದೆ. ಕಾಫಿ ಸೀಸನ್ ನಂಬಿಕೊಂಡು ಬದುಕುವ ಘಟಕಕ್ಕೆ ನಡೆಯುವುದಿಲ್ಲ. ಮಾಲು ಬೇಕಾದಾಗ ಇರುವುದಿಲ್ಲ, ಬೇಡವಾದಾಗ ಗೋಡೌನ್ ತುಂಬಾ ಬಿದ್ದಿರುತ್ತದೆ.

ಒಂದೇ ಉದಾಹರಣೆ ಹಿಡಿದು ಪೂರ್ತಿ ಲೆಕ್ಕ ಮಾಡೋಣ. ಚಿಕ್ಕಮಗಳೂರಿನ ಹೊರವಲಯದಲ್ಲಿ ಒಂದು ಟಾರ್ಪಾಲು ಘಟಕ ಇದೆ ಅಂದುಕೊಳ್ಳಿ. ಪ್ಲಾಸ್ಟಿಕ್ ರೋಲ್ ತರಿಸುತ್ತಾರೆ, ಅಳತೆಗೆ ಕತ್ತರಿಸುತ್ತಾರೆ, ಅಂಚು ಮಡಚಿ ಬಿಸಿ ಕೊಟ್ಟು ಅಂಟಿಸುತ್ತಾರೆ, ಐಲೆಟ್ ಹೊಡೆಯುತ್ತಾರೆ. ಗಿರಾಕಿಗಳು ಕಾಫಿ ತೋಟದವರು, ಮತ್ತೆ ಮೂಡಿಗೆರೆ, ಬೇಲೂರು, ಸಕಲೇಶಪುರ ಕಡೆಯ ಅಂಗಡಿಯವರು.

ಇವರ ವ್ಯಾಪಾರಕ್ಕೆ ವರ್ಷದಲ್ಲಿ ಎರಡು ಏರು. ನವೆಂಬರ್ ಹೊತ್ತಿಗೆ ಅರೇಬಿಕಾ ಹಣ್ಣು ಕೊಯ್ಲು ಶುರುವಾಗುತ್ತದೆ, ಅದರ ಹಿಂದೆಯೇ ರೋಬಸ್ಟಾ. ಕಣದಲ್ಲಿ ಒಣಗಲು ಹಾಕಿದ ಕಾಫಿಗೆ ರಾತ್ರಿ ಇಬ್ಬನಿ ಬೀಳದ ಹಾಗೆ ಹೊದಿಸಬೇಕು, ಸಿಮೆಂಟ್ ಕಣ ಸಾಲದವರು ನೆಲಕ್ಕೂ ಟಾರ್ಪಾಲು ಹಾಸುತ್ತಾರೆ. ಜನವರಿವರೆಗೂ ಈ ಗಡಿಬಿಡಿ. ಇನ್ನೊಂದು ಏರು ಮೇ, ಜೂನ್‌ನಲ್ಲಿ. ಮಳೆ ಹಿಡಿಯುವ ಮುಂಚೆ ಸೌದೆ, ಗೊಬ್ಬರ, ಕೊಟ್ಟಿಗೆ ಮಾಡು ಎಲ್ಲಕ್ಕೂ ಹೊದಿಕೆ ಬೇಕು. ಆಗಸ್ಟ್‌ನಲ್ಲಿ ಕೇಳುವವರೇ ಇಲ್ಲ.

ಈಗ ಮೂರು ತಿಂಗಳ ಸರಾಸರಿ ಇಲ್ಲಿ ಏನು ಮಾಡುತ್ತದೆ ನೋಡಿ. ಕೆಳಗಿನ ಪಟ್ಟಿಯಲ್ಲಿ ಮೂರು ವರ್ಷದ ಮಾರಾಟ ಇದೆ, 18×24 ಅಡಿ ಅಳತೆಯ ತುಂಡುಗಳ ಲೆಕ್ಕದಲ್ಲಿ. ಅಂಕಿಗಳು ಈ ಲೇಖನಕ್ಕಾಗಿ ನಾನೇ ಜೋಡಿಸಿದ್ದು, ಲೆಕ್ಕ ಸುಲಭವಾಗಲಿ ಅಂತ ಹತ್ತಕ್ಕೆ ದುಂಡಾಗಿಸಿದ್ದೇನೆ.

| ತಿಂಗಳು | 2022-23 | 2023-24 | 2024-25 |
|---|---|---|---|
| ಏಪ್ರಿಲ್ | 270 | 290 | 310 |
| ಮೇ | 590 | 600 | 690 |
| ಜೂನ್ | 500 | 570 | 560 |
| ಜುಲೈ | 230 | 250 | 270 |
| ಆಗಸ್ಟ್ | 190 | 220 | 230 |
| ಸೆಪ್ಟೆಂಬರ್ | 240 | 250 | 270 |
| ಅಕ್ಟೋಬರ್ | 320 | 340 | 360 |
| ನವೆಂಬರ್ | 510 | 560 | 590 |
| ಡಿಸೆಂಬರ್ | 690 | 700 | 770 |
| ಜನವರಿ | 610 | 640 | 660 |
| ಫೆಬ್ರವರಿ | 360 | 380 | 410 |
| ಮಾರ್ಚ್ | 250 | 260 | 270 |
| ಒಟ್ಟು | 4,760 | 5,060 | 5,390 |

2024ರ ಡಿಸೆಂಬರ್‌ಗೆ ಎಷ್ಟು ಬೇಕು ಅಂತ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಸರಾಸರಿ ತೆಗೆದರೆ 407 ಬರುತ್ತದೆ. ಹೋಗಿದ್ದು 770. ಫೆಬ್ರವರಿಗೆ ಹಿಂದಿನ ಮೂರು ತಿಂಗಳ ಸರಾಸರಿ ತೆಗೆದರೆ 673. ಹೋಗಿದ್ದು 410. ಅಂದರೆ ಲೆಕ್ಕ ಹಾಕಿದ್ದಕ್ಕಿಂತ ಹಾಕದೇ ಇದ್ದಿದ್ದರೇ ವಾಸಿ ಅನ್ನೋ ಹಾಗಾಯಿತು. ತಪ್ಪು ಸರಾಸರಿಯದ್ದಲ್ಲ. ಸೀಸನ್ ಇನ್ನೂ ಒಳಗೆ ಕೂತಿರುವ ಅಂಕಿಗಳ ಮೇಲೆ ಅದನ್ನು ಓಡಿಸಿದ್ದೇ ತಪ್ಪು. ಮೊದಲು ಸೀಸನ್ ಬೇರೆ, ವ್ಯಾಪಾರದ ನಿಜವಾದ ಮಟ್ಟ ಬೇರೆ ಅಂತ ಬಿಡಿಸಬೇಕು. ಆಮೇಲೆ ಸರಾಸರಿ.

ಅಂಕಿಗಳನ್ನು ಮೊದಲು ಸೋಸಿ

ಮೂರು ವರ್ಷದ ತಿಂಗಳವಾರು ಲೆಕ್ಕ ಬೇಕು. ಎರಡು ವರ್ಷದ್ದಿದ್ದರೂ ಲೆಕ್ಕ ಆಗುತ್ತದೆ, ಆದರೆ ಆಗ ಪ್ರತಿ ತಿಂಗಳಿಗೂ ಒಂದೇ ಒಂದು ಸಾಕ್ಷಿ ಸಿಗುತ್ತದೆ. ಆ ವರ್ಷ ಅಕಾಲದಲ್ಲಿ ಮಳೆ ಬಂದಿದ್ದರೆ ಅದನ್ನೇ ಸೀಸನ್ ಅಂತ ನಂಬಿಬಿಡುತ್ತೀರಿ.

ರೂಪಾಯಿಯಲ್ಲಿ ಬೇಡ, ತುಂಡಿನಲ್ಲೋ ಚದರಡಿಯಲ್ಲೋ ತೆಗೆಯಿರಿ. ಪ್ಲಾಸ್ಟಿಕ್ ದರ ಏರಿಳಿದ ಹಾಗೆ ನಿಮ್ಮ ಮಾರಾಟದ ದರವೂ ಏರಿಳಿಯುತ್ತದೆ. ದರ ಏರಿದ್ದನ್ನೇ ಬೇಡಿಕೆ ಏರಿತು ಅಂತ ಓದಿಕೊಂಡರೆ ರೋಲ್ ಆರ್ಡರ್ ಮಾಡುವಾಗ ತಲೆ ಕೆಡುತ್ತದೆ. ಬೇರೆ ಬೇರೆ ಅಳತೆ ಮಾಡುವವರು ಎಲ್ಲವನ್ನೂ ಚದರಡಿಗೆ ತಿರುಗಿಸಿ ಒಟ್ಟು ಹಾಕಿದರೆ ಸಾಕು, ಒಂದೊಂದು ಅಳತೆಗೂ ಬೇರೆ ಲೆಕ್ಕ ಇಡುವುದು ಸುಮ್ನೆ ಕಷ್ಟ.

ಇನ್ನೊಂದು ವಿಷಯವಿದೆ, ಹೆಚ್ಚಿನವರು ಎಡವುವುದು ಇಲ್ಲೇ. ಟ್ಯಾಲಿಯಲ್ಲಿ ಇರುವುದು ಮಾರಾಟ, ಬೇಡಿಕೆಯಲ್ಲ. ನಮ್ಮ ಘಟಕದಲ್ಲಿ 2025ರ ಜನವರಿಗೆ ಬಿಲ್ ಆಗಿದ್ದು 560 ಅಂತ ಇಟ್ಟುಕೊಳ್ಳಿ. ಆ ತಿಂಗಳ ಕೊನೆ ವಾರ ರೋಲ್ ಖಾಲಿಯಾಗಿ ಸುಮಾರು 100 ತುಂಡಿನ ಆರ್ಡರ್ ವಾಪಸ್ ಕಳಿಸಿದ್ದರು. ಬೇಡಿಕೆ 660, ಪಟ್ಟಿಯಲ್ಲಿ ಹಾಕಿರುವುದೂ 660. ಇದನ್ನು ಸರಿ ಮಾಡದೆ ಬಿಟ್ಟರೆ ಜನವರಿಯ ಬೇಡಿಕೆ ಲೆಕ್ಕದಲ್ಲಿ ಕಡಿಮೆ ಬೀಳುತ್ತದೆ, ಮುಂದಿನ ಜನವರಿಗೆ ಕಡಿಮೆ ಮಾಲು ಮಾಡುತ್ತೀರಿ, ಮತ್ತೆ ಖಾಲಿಯಾಗುತ್ತದೆ, ಮತ್ತೆ ಲೆಕ್ಕದಲ್ಲಿ ಕಡಿಮೆ ಕಾಣುತ್ತದೆ. ಹಾಗಾಗಿ ಕೌಂಟರ್ ಪಕ್ಕ ಒಂದು ನೋಟ್‌ಬುಕ್ ಇಡಿ. ಇಲ್ಲ ಅಂತ ಹೇಳಿ ಕಳಿಸಿದ ಪ್ರತಿ ಆರ್ಡರ್‌ಗೂ ತಾರೀಕು, ಅಳತೆ, ಎಷ್ಟು ತುಂಡು ಅಂತ ಬರೆದಿಡಿ. ಒಬ್ಬರೇ ಮೂರು ಸಲ ಫೋನ್ ಮಾಡಿದ್ದರೆ ಒಂದೇ ಸಲ ಬರೆಯಿರಿ, ಇಲ್ಲದಿದ್ದರೆ ಇಲ್ಲದ ಬೇಡಿಕೆ ಹುಟ್ಟಿಕೊಳ್ಳುತ್ತದೆ.

ಇದರ ಉಲ್ಟಾ ಕೂಡ ಇದೆ. ಯಾವುದೋ ಕಚೇರಿಯವರು ಪ್ರವಾಹ ಪರಿಹಾರಕ್ಕೆ ಅಂತ ಒಂದೇ ಸಲ 300 ತುಂಡು ತೆಗೆದುಕೊಂಡು ಹೋದರೆ ಅದು ಸೀಸನ್ ಅಲ್ಲ. ಅದನ್ನು ಆ ತಿಂಗಳಿಂದ ತೆಗೆದು ಪಕ್ಕದ ಕಾಲಂನಲ್ಲಿ ಬರೆದಿಡಿ. ಮತ್ತೆ ಬಂದರೆ ಲಾಭ, ಬರುತ್ತದೆ ಅಂತ ಲೆಕ್ಕದೊಳಗೆ ಸೇರಿಸಬೇಡಿ.

ಹನ್ನೆರಡು ತಿಂಗಳ ಸರಾಸರಿ, ಅದೂ ನಡುವಿಗೆ ಕೂರಿಸಿದ್ದು

ಸೀಸನ್ ತೆಗೆಯುವ ಸುಲಭ ದಾರಿ ಹನ್ನೆರಡು ತಿಂಗಳ ಸರಾಸರಿ. ಯಾವ ಹನ್ನೆರಡು ತಿಂಗಳು ಒಟ್ಟಿಗೆ ತೆಗೆದರೂ ಅದರಲ್ಲಿ ಒಂದು ಡಿಸೆಂಬರ್ ಇರುತ್ತದೆ, ಒಂದು ಆಗಸ್ಟ್ ಇರುತ್ತದೆ. ಏರು, ಇಳಿವು ಎರಡೂ ಒಂದಕ್ಕೊಂದು ವಜಾ ಆಗಿ ವ್ಯಾಪಾರದ ಮಟ್ಟ ಮಾತ್ರ ಉಳಿಯುತ್ತದೆ. ಒಂದೊಂದು ತಿಂಗಳು ಮುಂದಕ್ಕೆ ಸರಿಸುತ್ತಾ ಹೋದರೆ ಅದೇ ಚಲಿಸುವ ಸರಾಸರಿ.

ಸಣ್ಣ ತೊಡಕೊಂದಿದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹನ್ನೆರಡು ತಿಂಗಳ ನಡು ಎಲ್ಲಿ? ಸೆಪ್ಟೆಂಬರ್ ಮುಗಿದು ಅಕ್ಟೋಬರ್ ಶುರುವಾಗುವ ಗಳಿಗೆಯಲ್ಲಿ. ಅದು ಯಾವ ತಿಂಗಳಿಗೂ ಸೇರಲಿಲ್ಲ ಅಲ್ವಾ? ಅದಕ್ಕೆ ಏಪ್ರಿಲ್–ಮಾರ್ಚ್ ಸರಾಸರಿ ಒಂದು, ಮೇ–ಏಪ್ರಿಲ್ ಸರಾಸರಿ ಇನ್ನೊಂದು ತೆಗೆದು, ಎರಡರ ಸರಾಸರಿ ಮಾಡುತ್ತೇವೆ. ಈಗ ಅದು ಸರಿಯಾಗಿ ಅಕ್ಟೋಬರ್ ಮೇಲೆ ಕೂರುತ್ತದೆ.

ಕೈಯಲ್ಲೇ ಒಮ್ಮೆ ಮಾಡಿ ನೋಡಿ. ಏಪ್ರಿಲ್ 2022ರಿಂದ ಮಾರ್ಚ್ 2023ರ ಒಟ್ಟು 4,760. ಮೇ 2022ರಿಂದ ಏಪ್ರಿಲ್ 2023ಕ್ಕೆ ಹಳೆಯ 270 ಹೋಗಿ ಹೊಸ 290 ಬಂತು, ಒಟ್ಟು 4,780. ಎರಡೂ ಕೂಡಿಸಿ 24ರಿಂದ ಭಾಗಿಸಿದರೆ 397.5. ಇದು 2022ರ ಅಕ್ಟೋಬರ್‌ನಲ್ಲಿ ವ್ಯಾಪಾರದ ಮಟ್ಟ. ಸೀಸನ್ ಅನ್ನೋದೇ ಇಲ್ಲದಿದ್ದರೆ ಆ ತಿಂಗಳು ಸುಮಾರು 398 ತುಂಡು ಹೋಗಬೇಕಿತ್ತು. ಹೋಗಿದ್ದು 320. 320ನ್ನು 397.5ರಿಂದ ಭಾಗಿಸಿದರೆ 0.805. ಅಕ್ಟೋಬರ್ ಅಂದರೆ ಮಾಮೂಲಿಗಿಂತ ಇಪ್ಪತ್ತು ಪರ್ಸೆಂಟ್ ಕಡಿಮೆ ತಿಂಗಳು. ಮುಂದಿನ ವರ್ಷದ ಅಕ್ಟೋಬರ್‌ಗೂ ಹೀಗೇ ಮಾಡಿದರೆ 0.805 ಹತ್ತಿರವೇ ಬರುತ್ತದೆ. ಇಂಥ ಹೊಂದಾಣಿಕೆ ಕಂಡರೆ ಆ ತಿಂಗಳನ್ನು ನಂಬಬಹುದು.

ಕಂಪ್ಯೂಟರ್‌ನಲ್ಲಿ ಎಕ್ಸೆಲ್‌ನಂಥ ಶೀಟ್‌ನಲ್ಲಿ ಮಾಡುವವರು `A` ಕಾಲಂನಲ್ಲಿ ತಿಂಗಳು, `B`ಯಲ್ಲಿ ಬೇಡಿಕೆ ಹಾಕಿ. ಎರಡನೇ ಸಾಲು ಏಪ್ರಿಲ್ 2022, 37ನೇ ಸಾಲು ಮಾರ್ಚ್ 2025. ಮೊದಲ ಸರಾಸರಿ ಅಕ್ಟೋಬರ್ 2022ಕ್ಕೆ, ಅಂದರೆ ಎಂಟನೇ ಸಾಲಿಗೆ ಬರುತ್ತದೆ. ಕೆಳಗಿನ ಮೊದಲ ಸೂತ್ರ `C8`ಗೆ, ಎರಡನೆಯದು `D8`ಗೆ.

```
=(AVERAGE(B2:B13)+AVERAGE(B3:B14))/2
=B8/C8
```

ಎರಡನ್ನೂ 31ನೇ ಸಾಲಿನವರೆಗೆ, ಅಂದರೆ ಸೆಪ್ಟೆಂಬರ್ 2024ರವರೆಗೆ ಎಳೆಯಿರಿ. ಮೊದಲ ಆರು ತಿಂಗಳು, ಕೊನೆಯ ಆರು ತಿಂಗಳು ಖಾಲಿ ಉಳಿಯುತ್ತವೆ. ಅದು ಹಾಗೇ ಇರಲಿ, ಏನೋ ತುಂಬಿಸಲು ಹೋಗಬೇಡಿ. 32ನೇ ಸಾಲಿಗೂ ಎಳೆದುಬಿಟ್ಟರೆ ಶೀಟ್ ಬೈಯುವುದಿಲ್ಲ. ಖಾಲಿ ಮನೆ ಬಿಟ್ಟು ಹನ್ನೊಂದೇ ತಿಂಗಳ ಸರಾಸರಿ ತೆಗೆದು ಕೊಡುತ್ತದೆ, ಅದು ತಪ್ಪು ಅಂತ ಗೊತ್ತೇ ಆಗುವುದಿಲ್ಲ.

ಸೀಸನ್ ಸೂಚ್ಯಂಕ

ಈಗ `D` ಕಾಲಂನಲ್ಲಿ 24 ಅನುಪಾತಗಳಿವೆ, ಪ್ರತಿ ತಿಂಗಳಿಗೂ ಎರಡೆರಡು. ಎರಡರ ಸರಾಸರಿ ತೆಗೆದರೆ ಆ ತಿಂಗಳ ಸೂಚ್ಯಂಕ. `F2`ರಿಂದ `F13`ರವರೆಗೆ ಏಪ್ರಿಲ್‌ನಿಂದ ಮಾರ್ಚ್ ಅಂತ ಇಟ್ಟುಕೊಳ್ಳಿ. ಕೆಳಗಿನ ಮೊದಲ ಸೂತ್ರ `F2`ಗೆ, ಅದನ್ನು `F7`ರವರೆಗೆ ಎಳೆಯಿರಿ. ಎರಡನೆಯದು `F8`ಗೆ, ಅದನ್ನು `F13`ರವರೆಗೆ. ಮೂರನೆಯದು `G2`ಗೆ, ಅದನ್ನು `G13`ರವರೆಗೆ.

```
=AVERAGE(D14,D26)
=AVERAGE(D8,D20)
=F2*12/SUM($F$2:$F$13)
```

ಮೂರನೇ ಸೂತ್ರ ಯಾಕೆ ಅಂದರೆ, ಹನ್ನೆರಡು ಸೂಚ್ಯಂಕ ಕೂಡಿಸಿದರೆ ಸರಿಯಾಗಿ 12 ಬರಬೇಕು. ಇಲ್ಲಿ 12.01 ಬಂದಿದೆ. ಒಂದು ತಿಂಗಳ ಹೆಚ್ಚು ಇನ್ನೊಂದು ತಿಂಗಳ ಕಡಿಮೆಯಿಂದ ಬರಬೇಕೇ ಹೊರತು ಸುಮ್ಮನೆ ಮೇಲಿಂದ ಬೀಳಬಾರದು, ಅದಕ್ಕೆ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಚೂರು ಇಳಿಸುತ್ತೇವೆ. ಈ ಮೊತ್ತ 11.5 ಅಥವಾ 12.6 ಅಂತ ಬಂದರೆ ಸೂತ್ರದಲ್ಲಿ ಸಾಲು ತಪ್ಪಿರುವ ಸಾಧ್ಯತೆಯೇ ಜಾಸ್ತಿ, ಮೊದಲು ಅದನ್ನು ನೋಡಿ.

ನಮ್ಮ ಘಟಕದ ಸೂಚ್ಯಂಕ ಹೀಗೆ ಬರುತ್ತವೆ. ಏಪ್ರಿಲ್ 0.71, ಮೇ 1.51, ಜೂನ್ 1.32, ಜುಲೈ 0.60, ಆಗಸ್ಟ್ 0.52, ಸೆಪ್ಟೆಂಬರ್ 0.60, ಅಕ್ಟೋಬರ್ 0.80, ನವೆಂಬರ್ 1.29, ಡಿಸೆಂಬರ್ 1.67, ಜನವರಿ 1.49, ಫೆಬ್ರವರಿ 0.88, ಮಾರ್ಚ್ 0.60. ಆಗಸ್ಟ್‌ಗಿಂತ ಡಿಸೆಂಬರ್ ಮೂರು ಪಟ್ಟಿಗೂ ಜಾಸ್ತಿ.

ಸರಾಸರಿ ತೆಗೆದು ಮುಂದೆ ಓಡುವ ಮುಂಚೆ ಎರಡು ವರ್ಷದ ಅನುಪಾತಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸೆಪ್ಟೆಂಬರ್‌ಗೆ 0.59, 0.60. ಫೆಬ್ರವರಿಗೆ ಎರಡೂ 0.88. ಇವೆಲ್ಲ ಗಟ್ಟಿ. ಮೇ ನೋಡಿ, 2023ರಲ್ಲಿ 1.45, 2024ರಲ್ಲಿ 1.58. ಜೂನ್‌ಗೆ ಉಲ್ಟಾ, 1.37 ಮತ್ತು 1.27. ಒಂದು ವರ್ಷ ಜನ ಮೇ ತಿಂಗಳಲ್ಲೇ ಕೊಂಡರು, ಇನ್ನೊಂದು ವರ್ಷ ಜೂನ್‌ಗೆ ದಾಟಿಸಿದರು. ಎರಡೂ ತಿಂಗಳು ಕೂಡಿಸಿದರೆ 2.82 ಮತ್ತು 2.85, ಹೆಚ್ಚು ಕಡಿಮೆ ಒಂದೇ. ರೋಹಿಣಿ ಮಳೆ ಮೇ ಕೊನೆಗೆ ಹುಟ್ಟುತ್ತದೆ, ಮೃಗಶಿರಾ ಜೂನ್ ಮೊದಲ ವಾರ ಮುಗಿಯುವ ಹೊತ್ತಿಗೆ. ಪಂಚಾಂಗದಲ್ಲಿ ತಾರೀಕು ಗಟ್ಟಿ, ಆಕಾಶದಲ್ಲಿ ಅಲ್ಲ. ಹತ್ತು ದಿನ ಹಿಂದೆ ಮುಂದೆ ಆದರೆ ಬಿಲ್ ಒಂದು ತಿಂಗಳಿಂದ ಇನ್ನೊಂದಕ್ಕೆ ಹಾರುತ್ತದೆ. ಇದನ್ನು ಯಾವ ಸೂತ್ರವೂ ಹಿಡಿಯುವುದಿಲ್ಲ. ಮೇ, ಜೂನ್ ಎರಡನ್ನೂ ಒಂದೇ ಗಂಟು ಅಂತ ತಿಳಿದು ಮಾಲನ್ನು ಮೇ ಮೊದಲೇ ರೆಡಿ ಮಾಡಿಕೊಳ್ಳುವುದು ಅದಕ್ಕಿರುವ ಮದ್ದು.

ಮಟ್ಟವನ್ನು ಮುಂದಕ್ಕೆ ತಳ್ಳುವುದು

ಈಗ 2025-26ರ ಅಂದಾಜು. ಸೂಚ್ಯಂಕ ಸಿಕ್ಕಿದೆ, ಅದನ್ನು ಯಾವ ಮಟ್ಟಕ್ಕೆ ಗುಣಿಸಬೇಕು? ಬಹಳ ಜನ `C` ಕಾಲಂನ ಕೊನೆಯ ಅಂಕಿ ತೆಗೆದುಕೊಂಡು ಗುಣಿಸಿಬಿಡುತ್ತಾರೆ. ಕೊನೆಯ ಅಂಕಿ 448.75. ಡಿಸೆಂಬರ್ ಸೂಚ್ಯಂಕ 1.67ಕ್ಕೆ ಗುಣಿಸಿದರೆ ಸುಮಾರು 750. ಹೋದ ಡಿಸೆಂಬರ್‌ನಲ್ಲೇ 770 ಹೋಗಿತ್ತು! ವ್ಯಾಪಾರ ಬೆಳೆಯುತ್ತಿರುವಾಗ ಅಂದಾಜು ಇಳಿದಿದ್ದು ಹೇಗೆ?

ಆ 448.75 ಸೆಪ್ಟೆಂಬರ್ 2024ರ ಮಟ್ಟ, ಮಾರ್ಚ್ 2025ರದ್ದಲ್ಲ. ನಡುವಿಗೆ ಕೂರಿಸಿದ ಸರಾಸರಿ ಯಾವಾಗಲೂ ಆರು ತಿಂಗಳು ಹಿಂದೆ ನಿಂತಿರುತ್ತದೆ. ಅಲ್ಲಿಂದ 2025ರ ಡಿಸೆಂಬರ್‌ಗೆ 15 ತಿಂಗಳ ದೂರ. ಅಷ್ಟು ದೂರಕ್ಕೆ ಬೆಳವಣಿಗೆ ಸೇರಿಸಬೇಕು.

ಅಕ್ಟೋಬರ್ 2022ರಲ್ಲಿ ಮಟ್ಟ 397.5 ಇತ್ತು, ಸೆಪ್ಟೆಂಬರ್ 2024ರಲ್ಲಿ 448.75. ಅದು 23 ತಿಂಗಳಲ್ಲಿ 51.25 ಏರಿಕೆ, ತಿಂಗಳಿಗೆ 2.23 ತುಂಡು. ಹದಿನೈದು ತಿಂಗಳಿಗೆ ಸುಮಾರು 33. ಅಲ್ಲಿಗೆ 2025ರ ಡಿಸೆಂಬರ್ ಮಟ್ಟ 482. ಅದನ್ನು 1.67ಕ್ಕೆ ಗುಣಿಸಿದರೆ 805. ಮೊದಲಿನ 750ಕ್ಕೂ ಇದಕ್ಕೂ 55 ತುಂಡಿನ ವ್ಯತ್ಯಾಸ, ಅದೂ ವರ್ಷದಲ್ಲೇ ಬಿಸಿ ವ್ಯಾಪಾರದ ತಿಂಗಳಲ್ಲಿ.

ಶೀಟ್‌ನಲ್ಲಿ ಮೊದಲ ಸೂತ್ರ `H1`ಗೆ. ಎರಡನೆಯದು `E38`ಗೆ, ಅಂದರೆ ಏಪ್ರಿಲ್ 2025ರ ಸಾಲಿಗೆ, ಅದನ್ನು `E49`ರವರೆಗೆ ಎಳೆಯಿರಿ.

```
=(C31-C8)/23
=($C$31+$H$1*(ROW()-31))*G2
```

ನಮ್ಮ ಘಟಕಕ್ಕೆ ಏಪ್ರಿಲ್ 330, ಮೇ 705, ಜೂನ್ 620 ಬರುತ್ತದೆ, ಐದಕ್ಕೆ ದುಂಡಾಗಿಸಿದರೆ. ಜುಲೈ 285, ಆಗಸ್ಟ್ 245, ಸೆಪ್ಟೆಂಬರ್ 285, ಅಕ್ಟೋಬರ್ 385. ಆಮೇಲೆ ನವೆಂಬರ್ 620, ಡಿಸೆಂಬರ್ 805, ಜನವರಿ 725. ಫೆಬ್ರವರಿ 430, ಮಾರ್ಚ್ 295. ಸೂಚ್ಯಂಕವನ್ನು ಎರಡೇ ದಶಮಾಂಶಕ್ಕೆ ಇಟ್ಟು ಕೈಲೆಕ್ಕ ಮಾಡಿದರೆ ಒಂದೆರಡು ತುಂಡು ಆಚೀಚೆ ಬರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ವರ್ಷಕ್ಕೆ ಸುಮಾರು 5,720, ಹೋದ ವರ್ಷಕ್ಕಿಂತ ಆರು ಪರ್ಸೆಂಟ್ ಜಾಸ್ತಿ. ಹಿಂದಿನ ಎರಡು ವರ್ಷವೂ ಬೆಳೆದದ್ದು ಆರು ಪರ್ಸೆಂಟ್ ಚಿಲ್ಲರೆಯೇ, ಹಾಗಾಗಿ ಅಂಕಿ ಎಲ್ಲೂ ಹಾರಿಲ್ಲ.

ಬೆಳವಣಿಗೆ ಹೀಗೆ ನೇರ ಗೆರೆಯಲ್ಲಿ ಒಂದು ವರ್ಷ ತಳ್ಳಬಹುದು, ಅದಕ್ಕಿಂತ ಮುಂದಕ್ಕೆ ಬೇಡ. `C` ಕಾಲಂನ ಗ್ರಾಫ್ ಒಮ್ಮೆ ಹಾಕಿ ನೋಡಿ. ಕೊನೆಯ ಆರೇಳು ತಿಂಗಳು ಅದು ಚಪ್ಪಟೆಯಾಗಿದ್ದರೆ ಹಳೆಯ ಏರಿಕೆಯನ್ನು ಮುಂದೆ ಎಳೆಯಬೇಡಿ. ಆ 2.23ನ್ನು ಅರ್ಧ ಮಾಡಿ, ಇಲ್ಲವೇ ಸೊನ್ನೆ ಇಡಿ.

ನಂಬುವ ಮುಂಚೆ ಪರೀಕ್ಷೆ

ಇಷ್ಟೆಲ್ಲ ಮಾಡಿದ್ದು ಪ್ರಯೋಜನ ಉಂಟೋ ಇಲ್ಲವೋ ಅಂತ ತಿಳಿಯಲು ಇನ್ನೊಂದು ವರ್ಷ ಕಾಯಬೇಕಿಲ್ಲ. 2024-25ರ ಅಂಕಿಗಳನ್ನು ಮುಚ್ಚಿಟ್ಟು, ಮೊದಲೆರಡು ವರ್ಷದಿಂದ ಮಾತ್ರ ಲೆಕ್ಕ ಹಾಕಿ, ಮೂರನೇ ವರ್ಷವನ್ನು ಊಹಿಸಿ. ಆಮೇಲೆ ಮುಚ್ಚಿಟ್ಟದ್ದನ್ನು ತೆಗೆದು ಹೋಲಿಸಿ.

ಹೋಲಿಕೆಗೆ ಒಬ್ಬ ಎದುರಾಳಿಯೂ ಬೇಕು. "ಹೋದ ವರ್ಷ ಈ ತಿಂಗಳು ಎಷ್ಟು ಹೋಗಿತ್ತೋ ಅಷ್ಟೇ ಮಾಡೋಣ ಬಿಡಿ ಸಾರ್" ಅನ್ನುವ ಮೇಸ್ತ್ರಿಯ ಲೆಕ್ಕವೇ ಆ ಎದುರಾಳಿ. ಅದನ್ನು ಹಗುರವಾಗಿ ನೋಡಬೇಡಿ, ಅದರಲ್ಲಿ ಸೀಸನ್ ಆಗಲೇ ಸೇರಿದೆ. ನಮ್ಮ ಪಟ್ಟಿಯಲ್ಲಿ ಅವರ ಲೆಕ್ಕ ತಿಂಗಳಿಗೆ ಸರಾಸರಿ 29 ತುಂಡು ತಪ್ಪುತ್ತದೆ. ನಮ್ಮ ಲೆಕ್ಕ ಸರಾಸರಿ 15 ತುಂಡು. ಅರ್ಧಕ್ಕರ್ಧ ವಾಸಿ, ಇಟ್ಟುಕೊಳ್ಳಬಹುದು. ನಿಮ್ಮ ಅಂಕಿಗಳಲ್ಲಿ ಎರಡೂ ಸಮ ಸಮ ಬಂದರೆ ಮೇಸ್ತ್ರಿ ಹೇಳಿದ ಹಾಗೇ ಮಾಡಿ, ಕೆಲಸ ಕಡಿಮೆ.

ಸರಾಸರಿ ತಪ್ಪು ನೋಡಿ ಸುಮ್ಮನಾಗಬೇಡಿ, ತಪ್ಪು ಎಲ್ಲಿ ಕೂತಿದೆ ಅಂತಲೂ ನೋಡಿ. ಈ ಪರೀಕ್ಷೆಯಲ್ಲಿ ಮೇ 2024ಕ್ಕೆ ಬಂದದ್ದು 634, ಹೋಗಿದ್ದು 690. ಐವತ್ತಾರು ಕಡಿಮೆ. ಜೂನ್‌ಗೆ ಬಂದದ್ದು 602, ಹೋಗಿದ್ದು 560. ನಲವತ್ತೆರಡು ಹೆಚ್ಚು. ಎರಡೂ ತಿಂಗಳು ಕೂಡಿಸಿದರೆ ತಪ್ಪು ಬರೀ 14. ಆಗಸ್ಟ್, ಅಕ್ಟೋಬರ್‌ನಲ್ಲಿ ಒಂದೆರಡು ತುಂಡು ಮಾತ್ರ ವ್ಯತ್ಯಾಸ. ಹಾಗಾಗಿ ಎಲ್ಲ ತಿಂಗಳಿಗೂ ಒಂದೇ ಅಳತೆಯ ಮೀಸಲು ಮಾಲು ಇಡುವುದರಲ್ಲಿ ಅರ್ಥವಿಲ್ಲ. ಮೇ ತಿಂಗಳಿಗೆ ಅಂದಾಜಿನ ಮೇಲೆ 60 ತುಂಡು ಇಡಿ, ಆಗಸ್ಟ್‌ಗೆ ಹತ್ತು ಇದ್ದರೂ ಆಯಿತು.

ಅಂದಾಜಿನಿಂದ ಕೆಲಸದ ಪಟ್ಟಿಗೆ

ಘಟಕ ತಿಂಗಳಿಗೆ 600 ತುಂಡು ಮಾಡಬಲ್ಲದು ಅಂತಿಟ್ಟುಕೊಳ್ಳಿ. ನವೆಂಬರ್, ಡಿಸೆಂಬರ್, ಜನವರಿ ಮೂರಕ್ಕೂ ಸೇರಿ ಬೇಕಾಗಿರುವುದು 2,150. ಮಾಡಲು ಆಗುವುದು 1,800. ಉಳಿದ 350 ಅಕ್ಟೋಬರ್ ಕೊನೆಯೊಳಗೆ ಗೋಡೌನ್‌ನಲ್ಲಿ ಇರಬೇಕು. ಜುಲೈಯಿಂದ ಅಕ್ಟೋಬರ್‌ವರೆಗೆ ಬೇಡಿಕೆ 1,200, ಸಾಮರ್ಥ್ಯ 2,400. ಅಂದರೆ ಜಾಗ ಬೇಕಾದಷ್ಟಿದೆ, ಆದರೆ ದುಡ್ಡು ಕಟ್ಟಿಹಾಕಿಕೊಳ್ಳಬೇಕು. ನನ್ನ ಪ್ರಕಾರ ಆ 350ನ್ನು ಜುಲೈಯಲ್ಲೇ ಮಾಡಿಡುವುದು ದಂಡ. ಸೆಪ್ಟೆಂಬರ್ ನಡುವಿಗೆ ಶುರು ಮಾಡಿ, ಅಷ್ಟು ಹೊತ್ತಿಗೆ ರೋಲ್ ಬಂದಿರುವ ಹಾಗೆ ಆರ್ಡರ್ ಹಾಕಿ. ಸರಬರಾಜುದಾರರು ಮೂರು ವಾರ ಅಂದರೆ ಆಗಸ್ಟ್ ಕೊನೆ ವಾರ ದಾಟಬಾರದು. ದಸರಾ, ದೀಪಾವಳಿ ರಜಾ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವೆ ಎಲ್ಲೋ ಬೀಳುತ್ತದೆ, ಕೆಲಸದವರು ಊರಿಗೆ ಹೋದ ದಿನಗಳನ್ನು 600ರಿಂದ ಕಳೆಯಲು ಮರೆಯಬೇಡಿ.

ಮೇ ಕಡೆಗೂ ಇದೇ ಲೆಕ್ಕ. ಮೇ ಅಂದಾಜು 705, ಮೀಸಲು 60, ಒಟ್ಟು 765. ಜೂನ್‌ಗೆ ಬೇಕಾದ 620ರಲ್ಲಿ 20 ತುಂಡನ್ನೂ ಮೊದಲೇ ಮಾಡಿಡಬೇಕು. ಏಪ್ರಿಲ್‌ನಲ್ಲಿ 330 ಮಾತ್ರ ಹೋಗುವುದರಿಂದ ಕೊರತೆಯ 185 ಅಲ್ಲೇ ಆಗುತ್ತದೆ.

ಪ್ರತಿ ತಿಂಗಳ ಮೊದಲ ವಾರ

ಅಂದಾಜು ಒಮ್ಮೆ ಬರೆದು ಗೋಡೆಗೆ ಅಂಟಿಸಿದರೆ ಆಗಲಿಲ್ಲ. ತಿಂಗಳು ಮುಗಿದ ಮೇಲೆ ಹೋಗಿದ್ದನ್ನು ಆ ತಿಂಗಳ ಸೂಚ್ಯಂಕದಿಂದ ಭಾಗಿಸಿ. ಅದು ಸೀಸನ್ ತೆಗೆದ ಬೇಡಿಕೆ. ಏಪ್ರಿಲ್ 2025ರಲ್ಲಿ 360 ಹೋಯಿತು ಅಂದುಕೊಳ್ಳಿ, 0.71ರಿಂದ ಭಾಗಿಸಿದರೆ 507. ಮೇಯಲ್ಲಿ 760, ಭಾಗಿಸಿದರೆ 503. ಜೂನ್‌ನಲ್ಲಿ 640, ಅದು 485. ಮೂರರ ಸರಾಸರಿ 498. ನಾವು ಊಹಿಸಿದ್ದ ಮಟ್ಟ 467.

ನೋಡಿದಿರಾ, ಮೂರು ತಿಂಗಳ ಸರಾಸರಿ ಕೊನೆಗೆ ಬಂದೇ ಬಂತು. ಸೀಸನ್ ತೆಗೆದ ಅಂಕಿಗಳ ಮೇಲೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಏಪ್ರಿಲ್ ಒಂದನ್ನೇ ನೋಡಿ ಏನೂ ಬದಲಾಯಿಸಬೇಡಿ. ಮೂರು ತಿಂಗಳು ಒಂದೇ ದಿಕ್ಕಿಗೆ ತಪ್ಪಿದರೆ ಮಟ್ಟ ನಿಜವಾಗಿ ಸರಿದಿದೆ ಅಂತ ಅರ್ಥ, ಅದೂ ಯಾರೋ ಒಬ್ಬ ದೊಡ್ಡ ಗಿರಾಕಿಯ ಕೊಳ್ಳುವಿಕೆ ಅಲ್ಲ ಅಂತ ಬಿಲ್ ನೋಡಿ ಖಚಿತವಾದ ಮೇಲೆ. ಆಗ ಉಳಿದ ತಿಂಗಳ ಅಂದಾಜನ್ನೆಲ್ಲ 498/467 ಪ್ರಮಾಣದಲ್ಲಿ, ಅಂದರೆ ಆರೇಳು ಪರ್ಸೆಂಟ್ ಏರಿಸಿ. ಡಿಸೆಂಬರ್‌ನ 805 ಸುಮಾರು 860 ಆಗುತ್ತದೆ, ಅಕ್ಟೋಬರ್ ಕೊನೆಗೆ ಇರಬೇಕಾದ 350 ಸುಮಾರು 490ಕ್ಕೆ ಏರುತ್ತದೆ. ಜುಲೈ ಮೊದಲ ವಾರವೇ ಇದು ಗೊತ್ತಾದರೆ ರೋಲ್ ತರಿಸಲು ಬೇಕಾದಷ್ಟು ಸಮಯವಿದೆ.

ಸೂಚ್ಯಂಕಗಳನ್ನು ಮಾತ್ರ ತಿಂಗಳು ತಿಂಗಳು ಕೆದಕಬೇಡಿ. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಹೊಸ ಹನ್ನೆರಡು ತಿಂಗಳು ಸೇರಿಸಿ ಮತ್ತೆ ತೆಗೆಯಿರಿ. ನಾಲ್ಕೈದು ವರ್ಷ ಸೇರಿದ ಮೇಲೆ ಸರಾಸರಿಯ ಬದಲು, ಆ ತಿಂಗಳ ಅನುಪಾತಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ಅಂಕಿ ತೆಗೆದುಕೊಳ್ಳುವುದು ವಾಸಿ. ಆಗ ಒಂದು ವಿಚಿತ್ರ ವರ್ಷ ಇಡೀ ಸೂಚ್ಯಂಕವನ್ನು ಎಳೆದುಕೊಂಡು ಹೋಗುವುದಿಲ್ಲ.

ಶೀಟ್‌ಗೆ ಗೊತ್ತಿಲ್ಲದ್ದು

ಈ ಲೆಕ್ಕಕ್ಕೆ ತೋಟ ಕಾಣುವುದಿಲ್ಲ. ಅರೇಬಿಕಾ ಒಂದು ವರ್ಷ ಚೆನ್ನಾಗಿ ಬಿಟ್ಟರೆ ಮುಂದಿನ ವರ್ಷ ಇಳುವರಿ ಇಳಿಯುವುದು ಇದ್ದದ್ದೇ. ನಮ್ಮಲ್ಲಿರುವುದು ಎರಡು ಸುತ್ತಿನ ಅನುಪಾತ ಮಾತ್ರ, ಒಂದು ಏರಿನದ್ದು ಒಂದು ಇಳಿವಿನದ್ದು ಇರಬಹುದು. ಸರಾಸರಿಯಲ್ಲಿ ಎರಡೂ ಬೆರೆತು ಹೋಗಿರುತ್ತವೆ, ಬರುವ ಡಿಸೆಂಬರ್ ಯಾವ ಕಡೆಯದ್ದು ಅಂತ ಅದು ಹೇಳುವುದಿಲ್ಲ. ಅದನ್ನು ನೀವು ಕೇಳಿ ತಿಳಿಯಬೇಕು. ಹೂಮಳೆ ಹೇಗೆ ಬಿತ್ತು, ಕಾಯಿ ಎಷ್ಟು ನಿಂತಿದೆ ಅಂತ ಅಂಗಡಿಗೆ ಬರುವ ತೋಟದವರು ತಾವಾಗಿಯೇ ಹೇಳುತ್ತಾರೆ. ಕಾಫಿ ಮಂಡಳಿ ಹೂ ಬಿಟ್ಟ ಮೇಲೆ ಒಂದು, ಮಳೆಗಾಲ ಮುಗಿದ ಮೇಲೆ ಒಂದು ಅಂತ ಬೆಳೆ ಅಂದಾಜು ಹೊರಡಿಸುತ್ತದೆ, ಜಿಲ್ಲಾವಾರು ಅಂಕಿ ಅದರಲ್ಲಿ ಸಿಗುತ್ತದೆ. ಹಾಗಂತ ಬೆಳೆ ಹತ್ತು ಪರ್ಸೆಂಟ್ ಇಳಿದರೆ ಟಾರ್ಪಾಲೂ ಹತ್ತು ಪರ್ಸೆಂಟ್ ಇಳಿಯುತ್ತದೆ ಅಂತಲ್ಲ. ಕೊಯ್ಲಿನ ಹೊತ್ತಲ್ಲಿ ಮಳೆ ಹಿಡಿದರೆ ಬೆಳೆ ಕಡಿಮೆ ಇದ್ದವರೂ ಎರಡು ತುಂಡು ಹೆಚ್ಚಿಗೆ ಒಯ್ಯುತ್ತಾರೆ.

ಇಂಥ ಕಾರಣಕ್ಕೆ ಅಂದಾಜನ್ನು ಕೈಯಾರೆ ಬದಲಾಯಿಸುವುದಾದರೆ ಸೂತ್ರ ಇರುವ ಮನೆಯ ಮೇಲೆ ಬರೆಯಬೇಡಿ. ಪಕ್ಕದ ಕಾಲಂನಲ್ಲಿ ಹೊಸ ಅಂಕಿ, ಅದರ ಪಕ್ಕ ಕಾರಣ, ತಾರೀಕು ಬರೆಯಿರಿ. ವರ್ಷದ ಕೊನೆಗೆ ಸೂತ್ರದ ತಪ್ಪು ಎಷ್ಟು, ನಿಮ್ಮ ತಿದ್ದುಪಡಿಯ ತಪ್ಪು ಎಷ್ಟು ಅಂತ ಬೇರೆ ಬೇರೆ ಕೂಡಿಸಿ ನೋಡಿ. ಯಾರ ಮಾತು ಕೇಳಿ ತಿದ್ದಿದಾಗ ಲೆಕ್ಕ ಸರಿಹೋಯಿತು, ಯಾರ ಮಾತಿಗೆ ಕೆಟ್ಟಿತು ಅಂತ ಆ ಕಾಲಂನಲ್ಲೇ ಇರುತ್ತದೆ.